ಗಣಿತ ಅಭ್ಯಾಸ ಹಾಳೆ: 9ನೇ ತರಗತಿ, ದೊಡ್ಡಕ್ಷರದಲ್ಲಿ

ಪ್ರಶ್ನೆಗಳು 4, ಅಂಕ 20. ಸಮಯದ ಮಿತಿ ಇಲ್ಲ. ಅಚ್ಚಾದ ಹಾಳೆಯಲ್ಲಿ ಅಕ್ಷರ 24 ಪಾಯಿಂಟ್ ಇದೆ. ಕಣ್ಣು ದಣಿದರೆ ಇದೇ ಹಾಳೆಯ ವರ್ಡ್ ಫೈಲ್ ತೆರೆದು ಕೇಳು. NVDA ಬ್ರೌಸ್ ಮೋಡ್‌ನಲ್ಲಿ H ಒತ್ತಿದರೆ ಮುಂದಿನ ಪ್ರಶ್ನೆಗೆ ಹೋಗುತ್ತದೆ.

ಹೋದ ಸಲ ತ್ರಿಭುಜವನ್ನು ಬರೀ ಚಿತ್ರವಾಗಿ ಹಾಕಿದ್ದೆ. ಕಂಪ್ಯೂಟರ್ "ಗ್ರಾಫಿಕ್" ಎಂದಷ್ಟೇ ಹೇಳಿ ಮುಂದೆ ಹೋಯಿತು. ಆ ಲೆಕ್ಕ ಬಿಟ್ಟಿದ್ದು ನಿನ್ನ ತಪ್ಪಲ್ಲ, ನನ್ನದು. ಈ ಸಲ ಚಿತ್ರವನ್ನು ಮಾತಿನಲ್ಲೂ ಹೇಳಿದ್ದೇನೆ, ಮುಟ್ಟಿ ನೋಡಲೂ ಕೊಟ್ಟಿದ್ದೇನೆ.

ಉತ್ತರಕ್ಕೆ ಗೆರೆ ಎಳೆದಿಲ್ಲ. ವರ್ಡ್ ಫೈಲ್‌ನಲ್ಲಿ ಪ್ರತಿ ಪ್ರಶ್ನೆಯ ಕೆಳಗೇ ಟೈಪ್ ಮಾಡು.

ಪ್ರಶ್ನೆ 1. ಅಂಕ 3

ನೆಲಮಟ್ಟ ಸೊನ್ನೆ. ಹೊಲದ ಬಾವಿಯಲ್ಲಿ ನೀರು ಮೈನಸ್ 12 ಮೀಟರ್‌ನಲ್ಲಿದೆ. ಮಳೆ ಬಂದು ನೀರು 5 ಮೀಟರ್ ಮೇಲೇರಿತು. ಈಗ ಎಷ್ಟರಲ್ಲಿದೆ? "ಮೈನಸ್" ಎಂದು ಅಕ್ಷರದಲ್ಲೇ ಬರೆದಿದ್ದೇನೆ. ಗೆರೆ ಹಾಕಿದರೆ ಕಂಪ್ಯೂಟರ್ ಕೆಲವು ಸಲ ಅದನ್ನು ಓದದೇ ಬಿಟ್ಟುಬಿಡುತ್ತದೆ.

ಪ್ರಶ್ನೆ 2. ಅಂಕ 5

ಮೊದಲ ಭಾಗ: ಒಂದು ಚೀಲದಲ್ಲಿ x ಕೆಜಿ ತೊಗರಿ. ಅಂಥ 2 ಚೀಲ, ಜೊತೆಗೆ ಬಿಡಿಯಾಗಿ 15 ಕೆಜಿ. ಒಟ್ಟು 115 ಕೆಜಿ.

2x + 15 = 115

ಓದುವುದು: ಎರಡು ಎಕ್ಸ್ ಪ್ಲಸ್ ಹದಿನೈದು, ಸಮ ನೂರಾ ಹದಿನೈದು. x ಎಷ್ಟು?

ಎರಡನೇ ಭಾಗ:

(x + 3) / 4 = 5

ಓದುವುದು: ಆವರಣ ಶುರು, ಎಕ್ಸ್ ಪ್ಲಸ್ ಮೂರು, ಆವರಣ ಮುಗಿಯಿತು. ಅದೆಲ್ಲವನ್ನೂ ನಾಲ್ಕರಿಂದ ಭಾಗಿಸಿದರೆ ಐದು. ಆವರಣ ಎಲ್ಲಿ ಮುಗಿಯಿತು ಅಂತ ಗಮನವಿಡು. x ಎಷ್ಟು?

ಪ್ರಶ್ನೆ 3. ಅಂಕ 8. ಚಿತ್ರ ಇದೆ

ದಪ್ಪ ರಟ್ಟಿನ ಮೇಲೆ ಸೆಣಬಿನ ದಾರ ಅಂಟಿಸಿ ಮಾಡಿದ ಲಂಬಕೋನ ತ್ರಿಭುಜ. ರಟ್ಟಿನ ಮೇಲಿನ ಬಲ ಮೂಲೆ ಕತ್ತರಿಸಿದೆ, ನೇರವಾಗಿ ಹಿಡಿಯಲು ಅದೇ ಗುರುತು. ತ್ರಿಭುಜದ ಮೂಲೆಗಳಲ್ಲಿ ತೊಗರಿಬೇಳೆ ಅಂಟಿಸಿದ್ದೇನೆ: A ಹತ್ತಿರ 1 ಬೇಳೆ, B ಹತ್ತಿರ 2, C ಹತ್ತಿರ 3.

B ಕೆಳಗೆ ಎಡಗಡೆ ಇದೆ. ಅದರ ನೇರ ಮೇಲೆ A. B ಯಿಂದ ಬಲಕ್ಕೆ ಹೋದರೆ C. B ಯಲ್ಲಿ ಚೌಕವಾದ ಬಟ್ಟೆಯ ತುಂಡು ಕೈಗೆ ಸಿಗುತ್ತದೆ, ಅದೇ 90 ಡಿಗ್ರಿ ಗುರುತು. A ಯಿಂದ C ಗೆ ಓರೆಯಾಗಿ ಹೋಗುವ ದಾರ ವಿಕರ್ಣ.

A B ಉದ್ದ 6 ಸೆಂಮೀ. B C ಉದ್ದ 8 ಸೆಂಮೀ.

ಸೂತ್ರ: A C ಯ ವರ್ಗ, ಸಮ A B ಯ ವರ್ಗ ಪ್ಲಸ್ B C ಯ ವರ್ಗ.

A C ಉದ್ದ ಎಷ್ಟು? ತ್ರಿಭುಜದ ವಿಸ್ತೀರ್ಣ ಎಷ್ಟು? ಚಿತ್ರ ನಿಜವಾದ ಅಳತೆಯಲ್ಲೇ ಇದೆ. ಲೆಕ್ಕ ಮುಗಿದ ಮೇಲೆ ನಿನ್ನ ಉಬ್ಬು ಗೆರೆಯ ಪಟ್ಟಿಯಿಂದ ಓರೆ ದಾರ ಅಳೆದು ನೋಡು.

ಪ್ರಶ್ನೆ 4. ಅಂಕ 4. ರಟ್ಟಿನ ಆಕಾರ ಇದೆ

ಎಂಟು ಮೂಲೆಯ ಬಿದರಿ ತಟ್ಟೆ ನೆನಪಿದೆಯಲ್ವಾ, ಕರಿ ಲೋಹದಲ್ಲಿ ಬೆಳ್ಳಿ ಕೂರಿಸಿದ್ದು? ಅದೇ ಆಕಾರದಲ್ಲಿ ರಟ್ಟು ಕತ್ತರಿಸಿ ಇಟ್ಟಿದ್ದೇನೆ. ಎಲ್ಲ ಬದಿಗಳೂ ಸಮ, ಎಲ್ಲ ಕೋನಗಳೂ ಸಮ. ಒಂದು ಮೂಲೆಯಿಂದ ಬೇರೆ ಮೂಲೆಗಳಿಗೆ 5 ದಾರ ಅಂಟಿಸಿದೆ. ಎಷ್ಟು ತ್ರಿಭುಜಗಳಾದವು ಅಂತ ಬೆರಳಿಂದ ಎಣಿಸು. ಒಳಕೋನಗಳ ಮೊತ್ತ ಎಷ್ಟು? ಒಂದು ಒಳಕೋನ ಎಷ್ಟು?

ಹಾಳೆ ಮುಗಿಯಿತು.