ಬೆಳಿಗ್ಗೆ ನಿಂಬೆ-ಜೇನು ನೀರು ಕುಡಿದರೆ ಬೊಜ್ಜು ಕರಗುತ್ತಾ?

ಪ್ರಶ್ನೆ: ಮೇಡಂ, ನನಗೆ 43 ವರ್ಷ. ನಾಲ್ಕು ತಿಂಗಳಿಂದ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ಬೆಚ್ಚಗಿನ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ, ಎರಡು ದೊಡ್ಡ ಚಮಚ ಜೇನುತುಪ್ಪ ಹಾಕಿ ಕುಡಿಯುತ್ತಿದ್ದೇನೆ. ಶುರು ಮಾಡಿದಾಗ 74 ಕೆ.ಜಿ. ಇದ್ದೆ. ಎರಡೇ ವಾರದಲ್ಲಿ 2 ಕೆ.ಜಿ. ಇಳಿಯಿತು, ತುಂಬಾ ಖುಷಿಯಾಗಿತ್ತು. ಆಗ ಹೊಸ ಹುರುಪು, ಸಂಜೆಯ ತಿಂಡಿಯನ್ನೂ ಬಿಟ್ಟಿದ್ದೆ. ಈಗ ಮತ್ತೆ 73 ತೋರಿಸುತ್ತಿದೆ, ಹೊಟ್ಟೆ ಹಾಗೇ ಇದೆ. ಜೊತೆಗೆ ತಣ್ಣಗಿರುವುದು ಏನು ಕುಡಿದರೂ ಹಲ್ಲು ಜುಮ್ ಅನ್ನುತ್ತದೆ. 'ಅರ್ಧ ಹೋಳು ಸಾಲದು, ಇಡೀ ನಿಂಬೆಹಣ್ಣು ಹಿಂಡು' ಅಂತಾಳೆ ಗೆಳತಿ. ಇದರಿಂದ ನಿಜಕ್ಕೂ ಕೊಬ್ಬು ಕರಗುತ್ತಾ? ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರೂ ನಾಳೆಯಿಂದ ಶುರು ಮಾಡುತ್ತೇನೆ ಅನ್ನುತ್ತಿದ್ದಾರೆ. ಕೊಡಬಹುದಾ?

ಉತ್ತರ: ಇಲ್ಲಮ್ಮ, ಕರಗುವುದಿಲ್ಲ. ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸದೆ ಮಾಡಿದ್ದೀರಿ, ಅದಕ್ಕೆ ಈ ಮಾತು ಹೇಳಲು ನನಗೂ ಬೇಸರವೇ. ಆದರೆ ಆ ಶಿಸ್ತು ಸುಮ್ನೆ ಹೋಗಬಾರದು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮನ್ನು ದಾರಿ ತಪ್ಪಿಸುವುದು 'ಕರಗುವುದು' ಅನ್ನುವ ಪದವೇ. ಜಿಡ್ಡು ಹಿಡಿದ ಪಾತ್ರೆಗೆ ಬಿಸಿನೀರು ಹಾಕಿ ನಿಂಬೆ ಸಿಪ್ಪೆಯಿಂದ ಉಜ್ಜಿದರೆ ಜಿಡ್ಡು ಬಿಡುತ್ತದೆ, ಅಲ್ವಾ? ಹೊಟ್ಟೆಯೊಳಗೂ ಹಾಗೇ ಆಗುತ್ತದೆ ಅಂತ ಮನಸ್ಸಿಗೆ ಅನ್ನಿಸಿಬಿಡುತ್ತದೆ. ಆದರೆ ನೀವು ಕುಡಿದ ನೀರು ಹೋಗುವುದು ಜಠರಕ್ಕೆ, ಅಲ್ಲಿಂದ ಕರುಳಿಗೆ. ಬೊಜ್ಜು ಇರುವ ಜಾಗವೇ ಬೇರೆ: ಚರ್ಮದ ಕೆಳಗೆ, ಹೊಟ್ಟೆಯ ಅಂಗಗಳ ಸುತ್ತ, ಕೊಬ್ಬಿನ ಕಣಗಳ ಒಳಗೆ. ನಿಂಬೆರಸ ಅದನ್ನು ಮುಟ್ಟುವುದೇ ಇಲ್ಲ. ನಿಂಬೆಯ ಹುಳಿಯಂತೂ ಜಠರಕ್ಕೆ ಏನೂ ಹೊಸದಲ್ಲ. ಅಲ್ಲಿ ಮೊದಲೇ ಅದಕ್ಕಿಂತ ಕಟುವಾದ ಆಮ್ಲ ಇರುತ್ತದೆ. ಇನ್ನು ನೀರಿನ ಬಿಸಿ. ಮೈಯ ಒಳಗಿನ ಬಿಸಿ 37 ಡಿಗ್ರಿ. ಆ ಬಿಸಿಗೆ ನಮ್ಮ ಕೊಬ್ಬು ಬಹುಪಾಲು ಈಗಾಗಲೇ ಎಣ್ಣೆಯಂತೆ ದ್ರವವಾಗಿಯೇ ಇದೆ. ಹೊಸದಾಗಿ ಕರಗಿಸಲು ಏನೂ ಇಲ್ಲ!

ಹಾಗಾದರೆ ಕೊಬ್ಬು ಇಳಿಯುವುದು ಹೇಗೆ? ನಾವು ತಿಂದದ್ದಕ್ಕಿಂತ ಜಾಸ್ತಿ ಶಕ್ತಿಯನ್ನು ಮೈ ಖರ್ಚು ಮಾಡಿದಾಗ, ಕೂಡಿಟ್ಟ ಕೊಬ್ಬು ಕಣದಿಂದ ಹೊರಬಂದು, ರಕ್ತದ ಮೂಲಕ ಸ್ನಾಯುಗಳಿಗೂ ಬೇರೆ ಅಂಗಗಳಿಗೂ ಹೋಗಿ ಅಲ್ಲಿ ಉರಿಯುತ್ತದೆ. ಉರಿದಾಗ ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು. 10 ಕೆ.ಜಿ. ಕೊಬ್ಬು ಪೂರ್ತಿ ಉರಿದರೆ ಅದರಲ್ಲಿ ಸುಮಾರು 8.4 ಕೆ.ಜಿ. ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಉಳಿದ 1.6 ಕೆ.ಜಿ. ನೀರಾಗಿ ಮೂತ್ರ, ಬೆವರು, ಉಸಿರಿನ ತೇವದ ಜೊತೆ ಹೋಗುತ್ತದೆ. ಈ ಲೆಕ್ಕ ಮೊದಲ ಸಲ ಓದಿದಾಗ ನನಗೇ ಆಶ್ಚರ್ಯವಾಗಿತ್ತು. ಬೊಜ್ಜು ಬಹುಪಾಲು ಹೊರಗೆ ಹೋಗುವುದು ಮೂಗಿನಿಂದ!

ಈಗ ನಿಮ್ಮ ಲೋಟಕ್ಕೆ ಬರೋಣ. ನೀರಿನಲ್ಲಿ ಕ್ಯಾಲೊರಿ ಇಲ್ಲ. ಅರ್ಧ ನಿಂಬೆಯಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಕ್ಯಾಲೊರಿ ಇರುವುದೆಲ್ಲ ಜೇನಿನಲ್ಲಿ. ಒಂದು ದೊಡ್ಡ ಚಮಚ ಜೇನು ಅಂದರೆ ಸುಮಾರು 21 ಗ್ರಾಂ. ಅದರಲ್ಲಿ 17 ಗ್ರಾಂ ಸಕ್ಕರೆ, 64 ಕ್ಯಾಲೊರಿ. ನಿಮ್ಮದು ಎರಡು ಚಮಚ, ಅಂದರೆ ದಿನಕ್ಕೆ 128 ಕ್ಯಾಲೊರಿ, 34 ಗ್ರಾಂ ಸಕ್ಕರೆ. ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ದಾಟದಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜೇನು ಕೂಡ ಆ ಲೆಕ್ಕದಲ್ಲೇ ಬರುತ್ತದೆ. ಅಲ್ಲಿಗೆ ದಿನದ ಮೊದಲ ಲೋಟದಲ್ಲೇ ಆ ಮಿತಿ ದಾಟಿ ಹೋಯಿತು.

ಒಂದು ಸಲ ಅಡುಗೆಮನೆಯ ಚಿಕ್ಕ ತಕ್ಕಡಿಯ ಮೇಲೆ ಖಾಲಿ ಲೋಟ ಇಟ್ಟು, ಎಂದಿನಂತೆ ಜೇನು ಹಾಕಿ ನೋಡಿ. ಜೇನು ಚಮಚದ ಅಂಚಿನಲ್ಲಿ ನಿಲ್ಲುವುದಿಲ್ಲ. ಮೇಲೆ ಗುಡ್ಡೆಯಾಗುತ್ತದೆ, ಹಿಂಭಾಗಕ್ಕೂ ಮೆತ್ತಿಕೊಂಡು ಬರುತ್ತದೆ. ಅದನ್ನೂ ನೀರಿನಲ್ಲಿ ಕದಡಿಬಿಡುತ್ತೇವೆ. ಎರಡು ಚಮಚ ಅಂದುಕೊಂಡದ್ದು ಎಷ್ಟೋ ಸಲ ಮೂರರ ಹತ್ತಿರ ಇರುತ್ತದೆ.

ಒಂದು ಕೆ.ಜಿ. ಬೊಜ್ಜು ಅಂದರೆ ಹೆಚ್ಚುಕಡಿಮೆ 7,700 ಕ್ಯಾಲೊರಿ. ದಿನಕ್ಕೆ 128ರಂತೆ 120 ದಿನಕ್ಕೆ 15,360 ಆಯಿತು. ಎರಡು ಕೆ.ಜಿ.ಗೆ ಸಮ! ಮೈ ಇಷ್ಟು ನೇರವಾಗಿ ಲೆಕ್ಕ ಇಡುವುದಿಲ್ಲ, ನಿಜ. ಆದರೆ ಬೇರೆ ಯಾವುದನ್ನೂ ಕಡಿಮೆ ಮಾಡದೆ ಜೇನು ಸೇರಿಸಿದರೆ ತೂಕ ಎತ್ತ ಹೋಗುತ್ತದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಹಾಗಿದ್ದರೆ ಮೊದಲ ಎರಡು ವಾರ ಇಳಿದದ್ದು ಯಾಕೆ? ಉತ್ತರ ನಿಮ್ಮ ಪತ್ರದಲ್ಲೇ ಇದೆ: ಸಂಜೆಯ ತಿಂಡಿ ಬಿಟ್ಟಿದ್ದಿರಿ. ತಿನ್ನುವುದು ಕಡಿಮೆಯಾದಾಗ ಮೈ ಮೊದಲು ಬಿಡುವುದು ನೀರನ್ನು. 2 ಕೆ.ಜಿ.ಯಲ್ಲಿ ಹೆಚ್ಚಿನ ಪಾಲು ಅದೇ ಇರಬೇಕು, ಸ್ವಲ್ಪ ಕೊಬ್ಬೂ ಇದ್ದೀತು. ತಿಂಡಿ ನಿಧಾನವಾಗಿ ವಾಪಸ್ ಬಂದಿರುತ್ತದೆ, ನಿಂಬೆ-ಜೇನು ಹಾಗೇ ಮುಂದುವರಿಯಿತು. ಕೆಲಸ ಮಾಡಿದ್ದು ನಿಮ್ಮ ಸಂಜೆ, ಹೆಸರು ಬಂದದ್ದು ಬೆಳಗಿನ ಲೋಟಕ್ಕೆ. ಆ ಸಂಜೆಯನ್ನೇ ಮತ್ತೆ ಹಿಡಿಯಿರಿ. ಪೂರ್ತಿ ಉಪವಾಸ ಬೇಡ. ಕರಿದದ್ದರ ಜಾಗದಲ್ಲಿ ಒಂದು ಹಣ್ಣು ಸಾಕು. ಊಟದಲ್ಲಿ ಕಾಳು, ತರಕಾರಿ ಜಾಸ್ತಿ ಇರಲಿ, ಹೊಟ್ಟೆ ತುಂಬಿದಂತಿರುತ್ತದೆ. ದಿನಾ ಬಿರುಸಾಗಿ ನಡೆಯಿರಿ. ತೂಕದ ಜೊತೆ ವಾರಕ್ಕೊಮ್ಮೆ ಟೇಪಿನಿಂದ ಸೊಂಟದ ಸುತ್ತಳತೆಯನ್ನೂ ಬರೆದಿಡಿ. ತೂಕದ ಮುಳ್ಳು ಮೈಯ ನೀರು ಹೆಚ್ಚುಕಡಿಮೆಯಾದರೂ ಅಲ್ಲಾಡುತ್ತದೆ, ಟೇಪು ಅಷ್ಟು ಬೇಗ ಮೋಸ ಮಾಡುವುದಿಲ್ಲ.

ಹಲ್ಲಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ನಿಂಬೆಯ ಹುಳಿ ಹಲ್ಲಿನ ಮೇಲಿನ ಗಟ್ಟಿ ಪದರ ಎನಾಮಲ್ ಅನ್ನು ಮೆತ್ತಗೆ ಮಾಡುತ್ತದೆ. ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ನೀವು ದಿನಾ ಗುಟುಕು ಗುಟುಕಾಗಿ ಕುಡಿದು, ತಕ್ಷಣ ಹಲ್ಲುಜ್ಜುತ್ತಿದ್ದರೆ ಸವೆತ ಇನ್ನೂ ಜಾಸ್ತಿ. ಹಲ್ಲುಜ್ಜಿದ ಮೇಲೆ ಕುಡಿಯಿರಿ, ಇಲ್ಲವೇ ಕುಡಿದು ಕನಿಷ್ಠ ಅರ್ಧ ಗಂಟೆ ಬಿಟ್ಟು ಉಜ್ಜಿ. ಕುಡಿದ ಕೂಡಲೇ ಸಾದಾ ನೀರಿನಿಂದ ಬಾಯಿ ಮುಕ್ಕಳಿಸಿ. ಈಗಾಗಲೇ ಜುಮ್ ಅನ್ನುತ್ತಿರುವುದರಿಂದ ಹಲ್ಲಿನ ಡಾಕ್ಟರನ್ನು ನೋಡುವವರೆಗೆ ನಿಂಬೆ ನೀರು ನಿಲ್ಲಿಸಿಬಿಡಿ. ಇಡೀ ನಿಂಬೆ ಹಿಂಡುವ ಸಲಹೆ ಪ್ರೀತಿಯಿಂದಲೇ ಬಂದಿರಬಹುದು, ಆದರೆ ಅದು ಬೇಡವೇ ಬೇಡ. ಎದೆಯುರಿ, ಹುಳಿತೇಗು ಇರುವವರಿಗೂ ಖಾಲಿ ಹೊಟ್ಟೆಯ ನಿಂಬೆ ಒಗ್ಗದೇ ಹೋಗಬಹುದು.

ಅತ್ತೆಯವರಿಗೆ ಜೇನು ಕೊಡಬೇಡಿ. 'ಜೇನು ಸಕ್ಕರೆಯಲ್ಲ, ಏನೂ ಆಗಲ್ಲ' ಅನ್ನುವ ಮಾತು ನಾನು ತುಂಬಾ ಕೇಳಿದ್ದೇನೆ, ಪ್ರತಿ ಸಲವೂ ಸಂಕಟವಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ರಕ್ತದ ಸಕ್ಕರೆ ತೀರಾ ಇಳಿದು ಕೈ ನಡುಗುವಾಗ, ಅದನ್ನು ಬೇಗ ಏರಿಸಲು ಕೊಡುವ ವಸ್ತುಗಳಲ್ಲಿ ಒಂದು ಚಮಚ ಜೇನೂ ಒಂದು. ಅಷ್ಟು ಬೇಗ ಏರಿಸುವಂಥದ್ದನ್ನು ದಿನಾ ಬೆಳಿಗ್ಗೆ ಕುಡಿಸುವುದು ಹೇಗೆ? ಅವರಿಗೆ ಕುಡಿಯಲೇಬೇಕು ಅನ್ನಿಸಿದರೆ ಬೆಚ್ಚಗಿನ ನೀರಿಗೆ ನಾಲ್ಕು ಹನಿ ನಿಂಬೆ ಸಾಕು, ಮಾತ್ರೆ ಮಾತ್ರ ತಪ್ಪಬಾರದು. ಮನೆಯಲ್ಲಿ ವರ್ಷ ತುಂಬದ ಮಗು ಇದ್ದರೆ ಅದಕ್ಕೆ ಜೇನು ನೆಕ್ಕಿಸಲೂ ಬೇಡಿ. ಬಾಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು.

ನಿಮಗೆ ಆ ಬೆಳಗಿನ ಲೋಟ ಇಷ್ಟ ಅಂತ ಪತ್ರ ಓದಿದರೇ ತಿಳಿಯುತ್ತದೆ. ಎದ್ದ ಕೂಡಲೇ ಬೆಚ್ಚಗಿನ ನೀರು ಕುಡಿಯುವುದರಲ್ಲಿ ತಪ್ಪೇನಿಲ್ಲ. ಕೆಲವರಿಗೆ ಮಲಬದ್ಧತೆಗೂ ಹಾಯೆನಿಸುತ್ತದೆ. ಹಲ್ಲು ಸರಿಯಾದ ಮೇಲೆ ಸ್ವಲ್ಪ ನಿಂಬೆ ಸೇರಿಸಿಕೊಳ್ಳಿ, ಒಂದಿಷ್ಟು ಸಿ ಜೀವಸತ್ವ ಸಿಗುತ್ತದೆ. ಜೇನು ಬೇಕೇ ಬೇಕು ಅನ್ನಿಸಿದ ದಿನ ಒಂದು ಚಿಕ್ಕ ಚಮಚ ಹಾಕಿ, ಅವತ್ತು ಕಾಫಿಗೋ ಟೀಗೋ ಹಾಕುವ ಸಕ್ಕರೆ ಬಿಡಿ. ಎರಡು ತಿಂಗಳು ಬಿಟ್ಟು ಸೊಂಟದ ಅಳತೆ ಎಷ್ಟು ಬಂತು ಅಂತ ಖಂಡಿತ ಬರೆಯಿರಿ, ಕಾಯುತ್ತಿರುತ್ತೇನೆ.