ಸೀರೆಗೆ ಬಿದ್ದ ಬಾಲ್: ಔಟೋ, ಸಿಕ್ಸೋ?

(ಸ್ಟೀಲ್ ತಟ್ಟೆ ಮೇಲೆ ಸೌಟಿನಿಂದ ಬಡಿಯುವ ಸದ್ದು. ಇಸ್ತ್ರಿ ಮೇಜಿನ ಹಿಂದೆ ನಿರೂಪಕಿ.)

ನಿರೂಪಕಿ: ನಮಸ್ಕಾರ ವೀಕ್ಷಕರೇ. ಈ ಹೊತ್ತಿನ ಬಿಗ್ ಬ್ರೇಕಿಂಗ್! ಮೈಸೂರು ಕುವೆಂಪುನಗರದ ನಮ್ಮ ಕ್ರಾಸ್‌ನಲ್ಲಿ ಪರಿಸ್ಥಿತಿ ಉದ್ವಿಗ್ನ. ಗೆಲ್ಲೋಕೆ 4 ಬಾಲ್‌ಗೆ 5 ರನ್. ನಮ್ಮ ಕ್ಯಾಪ್ಟನ್ ಎತ್ತಿ ಬಾರಿಸಿದ ಟೆನಿಸ್ ಬಾಲ್, ಅಜ್ಜಿ ಒಣಹಾಕಿದ್ದ ಒಂಬತ್ತು ಗಜದ ಸೀರೆಯ ಮಡಿಕೆಗೆ ಬಿದ್ದು, ಜಾರಿ, ಸೌತೆಕಾಯಿ ತಿನ್ನುತ್ತಿದ್ದ ಹಿಂದಿನ ಕ್ರಾಸ್ ಫೀಲ್ಡರ್ ಮಡಿಲಿಗೇ ಬಂದಿದೆ! ಏನಾಗ್ತಾ ಇದೆ ಅಲ್ಲಿ? ನಮ್ಮ ಪ್ರತಿನಿಧಿ ನೇರ ಸಂಪರ್ಕದಲ್ಲಿದ್ದಾರೆ.

ಪ್ರತಿನಿಧಿ: (ಶಟಲ್ ಬ್ಯಾಟೇ ಮೈಕು) ಮೇಡಂ, ನಾನೀಗ ವಿಕೆಟ್ ಅಂದ್ರೆ ಸೈಕಲ್ ಪಕ್ಕದಲ್ಲೇ ನಿಂತಿದ್ದೀನಿ. ಎರಡೂ ಟೀಮ್‌ಗೆ ನಾನೇ ಜೋಕರ್, ಹಾಗಾಗಿ ನಿಷ್ಪಕ್ಷಪಾತ ವರದಿ. ಹಿಂದಿನ ಕ್ರಾಸ್‌ನವರು ಫೋನಲ್ಲಿ ಎಂಸಿಸಿಯ ಕ್ರಿಕೆಟ್ ನಿಯಮ 33 ತೆಗೆದು ತೋರಿಸ್ತಾ ಇದ್ದಾರೆ. ಬೌಂಡರಿ ಒಳಗಿರೋ ಅಡ್ಡಿಗೆ ತಗುಲಿ ಬಂದ ಬಾಲ್ ಹಿಡಿದ್ರೂ ಔಟೇ ಅಂತೆ.

ನಿರೂಪಕಿ: ಹಾಗಾದ್ರೆ ಔಟ್ ಅಲ್ವಾ?

ಪ್ರತಿನಿಧಿ: ಅಲ್ಲೇ ಇದೆ ಟ್ವಿಸ್ಟ್! ಆ ಅಡ್ಡಿಯನ್ನ ಟಾಸ್‌ಗೆ ಮುಂಚೆ ಬೌಂಡರಿ ಅಂತ ಮಾತಾಡಿಕೊಂಡಿರಬಾರದು ಅಂತಲೂ ಬರೆದಿದೆ. ಟಾಸ್ ಆದಾಗ ಸೀರೆ ಇನ್ನೂ ಬಕೆಟ್‌ನಲ್ಲಿತ್ತು ಮೇಡಂ! ಅಜ್ಜಿ ಒಣಹಾಕಿದ್ದೇ ಎರಡನೇ ಓವರ್‌ನಲ್ಲಿ. ‘ಇಲ್ಲದ ಸೀರೆ ಬಗ್ಗೆ ಏನಂತ ಮಾತಾಡೋಣ ಗುರು?’ ಅಂತ ನಮ್ಮ ಕ್ಯಾಪ್ಟನ್ ಕೇಳ್ತಿದ್ದಾನೆ. ಅಂಪೈರ್ ಅವನ ತಮ್ಮನೇ. ಇನ್ನೂ ಕೈ ಎತ್ತಿಲ್ಲ.

ನಿರೂಪಕಿ: ಅಜ್ಜಿ ಏನಂತಾರೆ?

ಅಜ್ಜಿ: (ಬಾಲ್ ಸೆರಗಿಗೆ ಗಂಟು ಹಾಕಿಕೊಂಡು) ಔಟೋ ಗೀಟೋ ನಂಗೊತ್ತಿಲ್ಲ ಕಣೋ. ನೋಡಿಲ್ಲಿ, ಚರಂಡಿ ಬಾಲ್ ಗುರುತು, ದುಂಡಗೆ! ಇದನ್ನ ಒಗೆಯೋವರೆಗೂ ಬಾಲ್ ಇಲ್ಲ.

ಪ್ರತಿನಿಧಿ: ಕೇಳಿದ್ರಲ್ಲ ಮೇಡಂ, ಬಾಲ್ ಜಪ್ತಿ! ಇದರ ಮಧ್ಯೆ ಬ್ಯಾಟಿನ ಮಾಲೀಕ, ಅಂದ್ರೆ ನಮ್ಮ ಕ್ಯಾಪ್ಟನ್ನೇ, ಬ್ಯಾಟ್ ಎತ್ತಿಕೊಂಡು ಮನೆಗೆ ಹೋಗಿದ್ದ. ಅವರಮ್ಮ ವಾಪಸ್ ಕಳಿಸಿದ್ದಾರೆ, ಅದೂ ಸೋಪಿನ ಜೊತೆ. ಬ್ಯಾಟ್ ಒಳಗೇ ಉಳಿದಿದೆ.

(ಹಿನ್ನೆಲೆಯಲ್ಲಿ ಒಗೆಯುವ ಕಲ್ಲಿನ ಸದ್ದು.)

ನಿರೂಪಕಿ: ಇದೀಗ ಬಂದ ಸುದ್ದಿ. ಇಬ್ಬರೂ ಕ್ಯಾಪ್ಟನ್‌ಗಳು ಸೀರೆಯ ಎರಡು ತುದಿ ಹಿಡಿದು ಹಿಂಡುತ್ತಿದ್ದಾರೆ. ಸೆರಗಿನ ಕಡೆ ಯಾರು ಹಿಡೀಬೇಕು ಅನ್ನೋದಕ್ಕೂ ಟಾಸ್ ಆಗಿದೆ!

ಪ್ರತಿನಿಧಿ: ಹೌದು ಮೇಡಂ. ಸಂಧಾನ ಇಷ್ಟು: ಆ ಬಾಲ್ ಲೆಕ್ಕಕ್ಕಿಲ್ಲ, ನಾಳೆ 4 ಬಾಲ್‌ಗೆ 5 ರನ್ನಿಂದಲೇ ಶುರು. ಅಜ್ಜಿ ಟಾಸ್‌ಗೆ ಮುಂಚೆಯೇ ಬಟ್ಟೆ ಒಣಹಾಕೋಕೆ ಒಪ್ಪಿದ್ದಾರೆ.

ನಿರೂಪಕಿ: ಸೌತೆಕಾಯಿ ಫೀಲ್ಡರ್ ಪ್ರತಿಕ್ರಿಯೆ ಸಿಕ್ತಾ?

ಪ್ರತಿನಿಧಿ: ಉಪ್ಪು ಖಾರ ಕಮ್ಮಿ ಆಯ್ತು ಅಂದ, ಮೇಡಂ.