ವಿಷಯ: ಓದಲಾಗದ ವೋಚರ್‌ಗಳ ಮೂಲ ಪ್ರತಿಗಳ ಕುರಿತು

ಮಾನ್ಯ ಲೆಕ್ಕಪತ್ರ ವ್ಯವಸ್ಥಾಪಕರಿಗೆ,

ನಮಸ್ಕಾರ. 2024-25ನೇ ಸಾಲಿನ ಲೆಕ್ಕಪರಿಶೋಧನೆಗೆ ನೀವು ಕಳುಹಿಸಿದ ಸ್ಕ್ಯಾನ್ ಪ್ರತಿಗಳು ತಲುಪಿವೆ. ಆದರೆ ನಗದು ವೋಚರ್ 214, 219 ಮತ್ತು 231ರಿಂದ 236ರವರೆಗಿನವನ್ನು ಓದಲಾಗುತ್ತಿಲ್ಲ. 231ರಲ್ಲಿ ರಬ್ಬರ್ ಮೊಹರು ಮೊತ್ತದ ಮೇಲೆಯೇ ಬಿದ್ದಿದೆ. ಹಮಾಲಿ ಗುತ್ತಿಗೆದಾರರಿಗೆ ಕೊಟ್ಟದ್ದು 9,800 ರೂಪಾಯಿಯೋ 19,800 ರೂಪಾಯಿಯೋ ತಿಳಿಯುತ್ತಿಲ್ಲ. ಒಂದೇ ದಿನ ಒಬ್ಬರಿಗೆ 10,000 ರೂಪಾಯಿ ಮೀರಿ ನಗದು ಕೊಟ್ಟಿದ್ದರೆ ಆ ಖರ್ಚು ಆದಾಯ ತೆರಿಗೆ ಲೆಕ್ಕದಲ್ಲಿ ತಿರಸ್ಕೃತವಾಗಬಹುದು. ಅಂದಾಜಿನ ಮೇಲೆ ನಾನು ಸಹಿ ಹಾಕಲಾರೆ.

ಮೂಲ ವೋಚರ್‌ಗಳನ್ನು ಲಗತ್ತಿಸಿದ ಬಿಲ್ಲುಗಳ ಸಮೇತ ಶುಕ್ರವಾರದೊಳಗೆ ನಮ್ಮ ಮೈಸೂರು ಕಚೇರಿಗೆ ಕಳುಹಿಸಿಕೊಡಿ. ಡೀಸೆಲ್ ಬಿಲ್ಲುಗಳ ಅಕ್ಷರ ಬೇಗ ಮಾಸುತ್ತದೆ, ಬಿಸಿಲಿಗೆ ಒಡ್ಡಬೇಡಿ. ಕಾಗದಗಳನ್ನು ಮಂಡ್ಯದಿಂದ ಹೊರಗೆ ಕಳುಹಿಸಲು ಸಂಕೋಚವಿದ್ದರೆ ತಿಳಿಸಿ, ನಮ್ಮ ಸಹಾಯಕರೇ ಅಲ್ಲಿಗೆ ಬಂದು ನೋಡುತ್ತಾರೆ. ಪಡೆದ ಪ್ರತಿಯೊಂದು ಹಾಳೆಗೂ ಸ್ವೀಕೃತಿ ಕೊಡುತ್ತೇವೆ.

ವಂದನೆಗಳೊಂದಿಗೆ,
ಲೆಕ್ಕಪರಿಶೋಧಕರು, ಮೈಸೂರು